ರಶೀದಿಯಲ್ಲಿ ಕಾಣದ 15 ಸಾವಿರ

(ನಮ್ಮ ಸಂಘದ ಮಹಿಳಾ ವೇದಿಕೆಯ ನವೆಂಬರ್ 2025ರ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)

ಕಳೆದ ತಿಂಗಳು ಸಭೆ ಮುಗಿದ ಮೇಲೆ ಚಹಾ ಕುಡಿಯುತ್ತಾ ನಿಂತಿದ್ದಾಗ ನನ್ನ ಅಮ್ಮನ ಎಫ್‌ಡಿಯ ಕಥೆ ಹೇಳಿದ್ದೆ. "ಅದನ್ನೇ ಎಲ್ಲರ ಮುಂದೆ ಹೇಳಮ್ಮ" ಎಂದರು. ನಾನು ಬ್ಯಾಂಕಿನವಳಲ್ಲ, ಸಾಫ್ಟ್‌ವೇರ್ ಕೆಲಸದವಳು. ಆದರೆ ಈ ಒಂದು ಕಾಗದವನ್ನು ಓದುವುದನ್ನು ನಷ್ಟ ಮಾಡಿಕೊಂಡು ಕಲಿತಿದ್ದೇನೆ. ಹಾಗಾಗಿ ಇವತ್ತು ಅದೊಂದೇ ವಿಷಯ.

ಈ ವರ್ಷ ಏಪ್ರಿಲ್ ಮೊದಲ ವಾರ ಧಾರವಾಡದಿಂದ ಅಮ್ಮ ಫೋನ್ ಮಾಡಿದರು. "ಅಲ್ಲವಾ, ರಶೀದಿ ಮ್ಯಾಲೆ ಒಂದು ಬರದಾರ, ಖಾತೆಗೆ ಇನ್ನೊಂದು ಬಂದದ. 15 ಸಾವಿರ ಎಲ್ಲಿ ಹೋತು?" ಅಪ್ಪ 2023ರ ಜನವರಿಯಲ್ಲಿ ತೀರಿಕೊಂಡರು. ಅವರ ಪಿಎಫ್ ಹಣದಲ್ಲಿ 10 ಲಕ್ಷವನ್ನು ಅಮ್ಮನ ಹೆಸರಿನಲ್ಲಿ ಏಪ್ರಿಲ್ 2023ರಲ್ಲಿ ಎರಡು ವರ್ಷಕ್ಕೆ ಇಟ್ಟಿದ್ದೆವು, ಬಡ್ಡಿ ಶೇ. 7. ಆಗ ಜೊತೆಗೆ ಹೋದವಳು ನಾನೇ. ರಶೀದಿ ಕೈಗೆ ಬಂದಾಗ ಹೆಸರು ಸರಿಯಿದೆಯೇ, ಮೊತ್ತ ಸರಿಯಿದೆಯೇ ಎಂದಷ್ಟೇ ನೋಡಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಅಮ್ಮನ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟು ಪುಣೆಗೆ ವಾಪಸ್ ಬಂದೆ. ರಶೀದಿಯಲ್ಲಿ ಅವಧಿ ಮುಗಿದಾಗ ಸಿಗುವ ಮೊತ್ತ, ಅಂದರೆ ಮೆಚ್ಯೂರಿಟಿ ಮೊತ್ತ, 11,48,882 ರೂಪಾಯಿ ಎಂದಿತ್ತು. ಖಾತೆಗೆ ಬಂದದ್ದು 11 ಲಕ್ಷ 33 ಸಾವಿರ ಚಿಲ್ಲರೆ.

ಬ್ಯಾಂಕು ಮೋಸ ಮಾಡಿತೇ? ಇಲ್ಲ. ರಶೀದಿ ತಪ್ಪೇ? ಅದೂ ಅಲ್ಲ. ರಶೀದಿಯ ಆ ಅಂಕಿ ಹೇಳುವುದು ಒಂದು, ನಾವು ಅರ್ಥ ಮಾಡಿಕೊಂಡದ್ದು ಇನ್ನೊಂದು. ಅದನ್ನು ಸಾಲು ಸಾಲಾಗಿ ಬಿಡಿಸಿ ಹೇಳುತ್ತೇನೆ. ಮನೆಗೆ ಹೋದ ಮೇಲೆ ನಿಮ್ಮದೊಂದು ರಶೀದಿ ತೆಗೆದು ಇದೇ ಕ್ರಮದಲ್ಲಿ ನೋಡಿ.

ಮೊದಲು ನಾಲ್ಕು ವಿವರಗಳ ಮೇಲೆ ಬೆರಳಿಡಿ: ಅಸಲು, ಬಡ್ಡಿ ದರ, ಠೇವಣಿ ಶುರುವಾದ ದಿನ, ಮುಗಿಯುವ ದಿನ. ಮೆಚ್ಯೂರಿಟಿ ಮೊತ್ತ ಈ ನಾಲ್ಕರಿಂದಲೇ ಹುಟ್ಟಬೇಕು. ದರದ ಜಾಗದಲ್ಲಿ ಒಂದು ಎಚ್ಚರಿಕೆ ಇರಲಿ. ಜಾಹೀರಾತಿನಲ್ಲಿ, ಕೆಲವು ಸಲ ಕಾಗದದ ಮೇಲೂ, 'ಯೀಲ್ಡ್' ಎಂದು ಇನ್ನೊಂದು ಅಂಕಿ ಇರುತ್ತದೆ. ಅಮ್ಮನ ಠೇವಣಿಗೆ ಅದು ಶೇ. 7.44 ಆಗುತ್ತದೆ. ಎರಡು ವರ್ಷದ ಒಟ್ಟು ಬಡ್ಡಿಯನ್ನು ಎರಡರಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಲೆಕ್ಕಕ್ಕೆ ಬೇಕಾದದ್ದು ಯೀಲ್ಡ್ ಅಲ್ಲ, ದರ.

ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತವೆ. ವರ್ಷಕ್ಕೆ ಶೇ. 7 ಎಂದರೆ ಮೂರು ತಿಂಗಳಿಗೆ ಅದರ ನಾಲ್ಕನೇ ಒಂದು ಭಾಗ, ಶೇ. 1.75. ಹತ್ತು ಲಕ್ಷಕ್ಕೆ ಮೊದಲ ಮೂರು ತಿಂಗಳ ಬಡ್ಡಿ 17,500. ಎರಡನೇ ಸಲ ಬಡ್ಡಿ ಬೀಳುವುದು 10,17,500ರ ಮೇಲೆ, ಆದ್ದರಿಂದ 17,806. ಹೀಗೆ ಎರಡು ವರ್ಷದಲ್ಲಿ ಎಂಟು ಸಲ. ಎಂಟು ಸಲ ಗುಣಿಸುತ್ತಾ ಕೂರಬೇಕಿಲ್ಲ. ಫೋನಿನಲ್ಲಿ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ತೆರೆದು ಒಂದು ಚೌಕದಲ್ಲಿ ಇಷ್ಟು ಟೈಪ್ ಮಾಡಿ:

```
=1000000*(1+7/400)^8
```

ಮೊದಲನೆಯದು ಅಸಲು, 7 ಅನ್ನುವುದು ದರ, ಕೊನೆಯ 8 ಅನ್ನುವುದು ಎಷ್ಟು ತ್ರೈಮಾಸಿಕ ಎಂಬುದು. ಮೂರು ವರ್ಷವಾದರೆ 12, ಐದು ವರ್ಷವಾದರೆ 20. ಉತ್ತರ 11,48,882 ಬರುತ್ತದೆ. ಅಮ್ಮನ ರಶೀದಿಯ ಅಂಕಿ ಅದೇ. ಅಂದರೆ ಬ್ಯಾಂಕಿನ ಲೆಕ್ಕ ಸರಿಯಿತ್ತು.

ನಿಮ್ಮ ಉತ್ತರ ರಶೀದಿಗೆ ಹೊಂದದಿದ್ದರೆ ಗಾಬರಿಯಾಗಬೇಡಿ. ಎಷ್ಟು ವ್ಯತ್ಯಾಸ ಎಂಬುದೇ ಕಾರಣವನ್ನು ಹೇಳುತ್ತದೆ. ಐದೋ ಐವತ್ತೋ ರೂಪಾಯಿ ಆಚೀಚೆ ಇದ್ದರೆ, ಅವಧಿ ತ್ರೈಮಾಸಿಕಗಳಿಗೆ ಸರಿಯಾಗಿ ಹೊಂದಿಲ್ಲ ಎಂದರ್ಥ. 444 ದಿನದಂಥ ಠೇವಣಿಗಳಲ್ಲಿ ಪೂರ್ತಿಯಾದ ತ್ರೈಮಾಸಿಕಗಳಿಗೆ ಚಕ್ರಬಡ್ಡಿ ಹಾಕಿ, ಉಳಿದ ದಿನಗಳಿಗೆ ದಿನದ ಲೆಕ್ಕದಲ್ಲಿ ಸಾದಾ ಬಡ್ಡಿ ಸೇರಿಸುತ್ತಾರೆ. ಆರು ತಿಂಗಳಿಗಿಂತ ಕಡಿಮೆ ಅವಧಿಗೆ ಹೆಚ್ಚಿನ ಬ್ಯಾಂಕುಗಳು ಕೊಡುವುದು ಸಾದಾ ಬಡ್ಡಿಯೇ.

ಆದರೆ ವ್ಯತ್ಯಾಸ ಸಾವಿರಗಳಲ್ಲಿದ್ದರೆ ಬಡ್ಡಿ ಸೇರುವ ರೀತಿಯೇ ಬೇರೆ ಇರಬಹುದು. ಇದು ರಶೀದಿಯಲ್ಲಿ ಅತಿ ಹೆಚ್ಚು ಗೊಂದಲ ಮಾಡುವ ಸಾಲು. 'ಇಂಟರೆಸ್ಟ್ ಫ್ರೀಕ್ವೆನ್ಸಿ: ಕ್ವಾರ್ಟರ್ಲಿ' ಎಂದು ಬರೆದಿರುತ್ತಾರೆ. ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸುತ್ತಾರೋ, ಮೂರು ತಿಂಗಳಿಗೊಮ್ಮೆ ನಿಮ್ಮ ಉಳಿತಾಯ ಖಾತೆಗೆ ಕೊಟ್ಟುಬಿಡುತ್ತಾರೋ? ಆ ಎರಡು ಪದಗಳಿಂದ ತಿಳಿಯುವುದಿಲ್ಲ. ಯೋಜನೆಯ ಹೆಸರು ಸ್ವಲ್ಪ ಸಹಾಯ ಮಾಡುತ್ತದೆ. 'ಕ್ಯುಮ್ಯುಲೇಟಿವ್' ಅಥವಾ 'ರೀಇನ್ವೆಸ್ಟ್‌ಮೆಂಟ್' ಎಂದಿದ್ದರೆ ಅಸಲಿಗೆ ಸೇರುತ್ತದೆ. ಸ್ಟೇಟ್ ಬ್ಯಾಂಕಿನಲ್ಲಿ ಎಸ್‌ಟಿಡಿಆರ್ ಎಂದರೆ ಬಡ್ಡಿ ಸೇರುತ್ತಾ ಹೋಗುವುದು, ಬರಿಯ ಟಿಡಿಆರ್ ಎಂದರೆ ಬಡ್ಡಿ ಕೈಗೆ ಬರುವುದು. ಆದರೆ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಮೆಚ್ಯೂರಿಟಿ ಮೊತ್ತವೇ. ಹತ್ತು ಲಕ್ಷ, ಶೇ. 7, ಎರಡು ವರ್ಷ ಎಂದಿಟ್ಟುಕೊಳ್ಳಿ. ಮೊತ್ತ 11,48,882 ಇದ್ದರೆ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ. 11,44,900 ಇದ್ದರೆ ವರ್ಷಕ್ಕೊಮ್ಮೆ. 11,40,000 ಇದ್ದರೆ ಸಾದಾ ಬಡ್ಡಿ. ಬರೀ 10,00,000 ಎಂದೇ ಇದ್ದರೆ ಬಡ್ಡಿ ಆಗಾಗ ಖಾತೆಗೆ ಹೋಗುತ್ತದೆ, ಕೊನೆಗೆ ಉಳಿಯುವುದು ಅಸಲು ಮಾತ್ರ.

ಇದನ್ನು ಏಕೆ ಒತ್ತಿ ಹೇಳುತ್ತಿದ್ದೇನೆ ಎಂದರೆ, ಮಗಳ ಕಾಲೇಜಿಗೆಂದು ಬೆಳೆಯಲಿ ಅಂತ ಇಟ್ಟ ಹಣ ತಪ್ಪು ಕಾಲಂನಲ್ಲಿ ಟಿಕ್ ಬಿದ್ದು ಮೂರು ತಿಂಗಳಿಗೊಮ್ಮೆ ಉಳಿತಾಯ ಖಾತೆಗೆ ಬಂದು ಮನೆಖರ್ಚಿನಲ್ಲಿ ಕರಗಿಹೋಗಬಹುದು. ಹಾಗೆಯೇ ಬಡ್ಡಿಯಿಂದಲೇ ಮನೆ ನಡೆಸಬೇಕಾದ ಹಿರಿಯರ ಹಣ ಎರಡು ವರ್ಷ ಕೈಗೇ ಸಿಗದೆ ಕೂರಬಹುದು. ತಿಂಗಳು ತಿಂಗಳು ಬಡ್ಡಿ ಬೇಕೆಂದವರಿಗೆ ಇನ್ನೊಂದು ಮಾತು. ಹತ್ತು ಲಕ್ಷಕ್ಕೆ ಶೇ. 7ರಂತೆ ತಿಂಗಳಿಗೆ 5,833 ಬರಬೇಕಲ್ಲ ಎನಿಸುತ್ತದೆ, ಬರುವುದು ಸುಮಾರು 5,800. ಮೂರು ತಿಂಗಳಿಗೆ ಕೊಡಬೇಕಾದ್ದನ್ನು ಮುಂಚೆಯೇ ಕೊಡುವುದಕ್ಕೆ ಅಷ್ಟು ಮುರಿದುಕೊಳ್ಳುತ್ತಾರೆ. ಅದು ತಪ್ಪಲ್ಲ.

ಈಗ ಅಮ್ಮನ 15 ಸಾವಿರಕ್ಕೆ ಬರೋಣ. ರಶೀದಿಯ ಮೆಚ್ಯೂರಿಟಿ ಮೊತ್ತ ತೆರಿಗೆ ಕಡಿತಕ್ಕೆ ಮುಂಚಿನದು. ಟಿಡಿಎಸ್ ಎಷ್ಟು ಎಂದು ರಶೀದಿಯಲ್ಲಿ ಮುದ್ರಿಸಿರುವುದಿಲ್ಲ. ಹೆಚ್ಚೆಂದರೆ ಕೆಳಗೆ ಸಣ್ಣ ಅಕ್ಷರದಲ್ಲಿ 'ನಿಯಮಾನುಸಾರ ಟಿಡಿಎಸ್ ಅನ್ವಯ' ಎಂದಿರುತ್ತದೆ. ಅದಕ್ಕೆ ಕಾರಣವೂ ಇದೆ. ಆ ಬ್ಯಾಂಕಿನಲ್ಲಿ ನಿಮಗೆ ಇನ್ನೆಷ್ಟು ಠೇವಣಿ ಇರುತ್ತದೆ, ನೀವು ಯಾವ ಫಾರಂ ಕೊಡುತ್ತೀರಿ ಎಂಬುದರ ಮೇಲೆ ಅದು ವರ್ಷ ವರ್ಷವೂ ಬದಲಾಗುತ್ತದೆ. ಆದ್ದರಿಂದ ಇದು ನಾವೇ ಲೆಕ್ಕ ಹಾಕಿ ತಿಳಿದುಕೊಳ್ಳಬೇಕಾದ ಸಾಲು.

ನಿಯಮ ಹೀಗಿದೆ. ಒಂದು ಹಣಕಾಸು ವರ್ಷದಲ್ಲಿ ಒಂದು ಬ್ಯಾಂಕಿನ ಎಲ್ಲ ಶಾಖೆಗಳ ಠೇವಣಿ ಬಡ್ಡಿ ಸೇರಿ 50,000 ರೂಪಾಯಿ ದಾಟಿದರೆ ಶೇ. 10 ಕಡಿತ. 60 ತುಂಬಿದವರಿಗೆ ಈ ಮಿತಿ 1 ಲಕ್ಷ. ಇದು ಏಪ್ರಿಲ್ 2025ರಿಂದ ಬಂದ ಮಿತಿ, ಅದಕ್ಕೆ ಮುಂಚೆ 40,000 ಮತ್ತು 50,000 ಇತ್ತು. ದಾಟಿದರೆ ಕಡಿತ ಪೂರ್ತಿ ಬಡ್ಡಿಯ ಮೇಲೆ, ದಾಟಿದ ಭಾಗದ ಮೇಲೆ ಮಾತ್ರವಲ್ಲ. ಪ್ಯಾನ್ ಕೊಡದಿದ್ದರೆ, ಅಥವಾ ಆಧಾರ್ ಜೋಡಿಸದೆ ಪ್ಯಾನ್ ನಿಷ್ಕ್ರಿಯವಾಗಿದ್ದರೆ, ಶೇ. 20. ಜಂಟಿ ಠೇವಣಿಯಲ್ಲಿ ಮೊದಲ ಹೆಸರಿನವರ ಪ್ಯಾನ್‌ಗೆ ಕಡಿತ ಸೇರುತ್ತದೆ. ಹಾಗಾಗಿ ರಶೀದಿಯಲ್ಲಿ ಯಾರ ಹೆಸರು ಮೊದಲಿದೆ ಎಂಬುದನ್ನೂ ನೋಡಿ.

ಅಮ್ಮನಿಗೆ ಆಗ 57 ವರ್ಷ. ವರ್ಷದ ಬಡ್ಡಿ 70 ಸಾವಿರ ದಾಟಿತ್ತು, ಮಿತಿ 40 ಸಾವಿರ. ನಮಗೆಲ್ಲ ಒಂದು ತಪ್ಪು ಕಲ್ಪನೆ ಇತ್ತು: ಬಡ್ಡಿ ಕೈಗೆ ಬರುವುದು ಎರಡು ವರ್ಷದ ಮೇಲೆ ತಾನೇ, ತೆರಿಗೆಯ ಮಾತು ಆಗಲೇ ಎಂದು. ಹಾಗಲ್ಲ. ಬಡ್ಡಿ ಕೈಗೆ ಬರದಿದ್ದರೂ ಪ್ರತಿ ವರ್ಷ ಸೇರುತ್ತಾ ಹೋದ ಬಡ್ಡಿಯ ಮೇಲೆ ಬ್ಯಾಂಕು ಆಯಾ ವರ್ಷವೇ ಕಡಿತ ಮಾಡುತ್ತದೆ. ಕೆಲವು ಕಡೆ ಅದನ್ನು ಉಳಿತಾಯ ಖಾತೆಯಿಂದ ತೆಗೆಯುತ್ತಾರೆ, ಆಗ ಮೆಚ್ಯೂರಿಟಿ ಮೊತ್ತ ರಶೀದಿಯಲ್ಲಿದ್ದಷ್ಟೇ ಬರುತ್ತದೆ. ಅಮ್ಮನ ಬ್ಯಾಂಕು ಠೇವಣಿಯ ಬಡ್ಡಿಯಿಂದಲೇ ತೆಗೆದಿತ್ತು. ಹಾಗೆ ಮಾಡಿದಾಗ ಪ್ರತಿ ಸಲ ಅಸಲಿಗೆ ಸೇರುವುದು ಬಡ್ಡಿಯ ಶೇ. 90 ಮಾತ್ರ. ಲೆಕ್ಕ ಹೀಗೆ ಬದಲಾಗುತ್ತದೆ:

```
=1000000*(1+7*0.9/400)^8
```

ಉತ್ತರ 11,33,169. ದಿನಗಳ ಲೆಕ್ಕದಲ್ಲಿ ಸ್ವಲ್ಪ ಆಚೀಚೆ ಬಿಟ್ಟರೆ ಅಮ್ಮನ ಖಾತೆಗೆ ಬಂದದ್ದು ಇದೇ. ರಶೀದಿಗೂ ಇದಕ್ಕೂ ವ್ಯತ್ಯಾಸ 15,713. ಇದರಲ್ಲಿ ಸುಮಾರು 14,797 ಟಿಡಿಎಸ್. ಉಳಿದ 916 ರೂಪಾಯಿ ಯಾರಿಗೂ ಹೋಗಲಿಲ್ಲ. ಕಡಿತವಾದ ಹಣ ಠೇವಣಿಯಲ್ಲೇ ಇದ್ದಿದ್ದರೆ ಹುಟ್ಟುತ್ತಿದ್ದ ಬಡ್ಡಿ ಅದು, ಹುಟ್ಟಲೇ ಇಲ್ಲ.

ನನಗೆ ಬೇಸರವಾದದ್ದು ಇಲ್ಲಿ. ಅಮ್ಮನ ಆದಾಯಕ್ಕೆ ತೆರಿಗೆಯೇ ಇಲ್ಲ. ಈ ಬಡ್ಡಿ, ಅಪ್ಪನ ಕಡೆಯಿಂದ ಬರುವ ಚಿಕ್ಕ ಪಿಂಚಣಿ, ಎರಡೂ ಸೇರಿದರೂ ವಿನಾಯಿತಿ ಮಿತಿಯ ಹತ್ತಿರವೂ ಬರುವುದಿಲ್ಲ. ಅಂಥವರು ಪ್ರತಿ ಹಣಕಾಸು ವರ್ಷದ ಶುರುವಿನಲ್ಲಿ ಬ್ಯಾಂಕಿಗೆ ಫಾರಂ 15ಜಿ ಕೊಟ್ಟರೆ ಕಡಿತ ಮಾಡುವುದಿಲ್ಲ. 60 ತುಂಬಿದವರಿಗೆ 15ಎಚ್. ಒಮ್ಮೆ ಕೊಟ್ಟರೆ ಠೇವಣಿ ಮುಗಿಯುವವರೆಗೆ ನಡೆಯುತ್ತದೆ ಎಂದಲ್ಲ, ಪ್ರತಿ ಏಪ್ರಿಲ್‌ನಲ್ಲಿ ಕೊಡಬೇಕು. ಎರಡು ಬ್ಯಾಂಕಿನಲ್ಲಿ ಹಣವಿದ್ದರೆ ಎರಡಕ್ಕೂ ಕೊಡಬೇಕು. ನಾವು ಒಂದು ಸಲವೂ ಕೊಟ್ಟಿರಲಿಲ್ಲ.

ಇಲ್ಲಿ ಕೂತಿರುವ, ನನ್ನ ಹಾಗೆ ಸಂಬಳ ತರುವ ಗೆಳತಿಯರು ಇದನ್ನು ತಪ್ಪಾಗಿ ತಿಳಿಯಬಾರದು. 15ಜಿ ಎನ್ನುವುದು 'ಈ ವರ್ಷ ನನಗೆ ತೆರಿಗೆ ಬರುವುದಿಲ್ಲ' ಎಂಬ ಘೋಷಣೆ. ತೆರಿಗೆ ಬರುವವರು ಅದಕ್ಕೆ ಸಹಿ ಹಾಕಿದರೆ ಸುಳ್ಳು ಘೋಷಣೆಯ ಅಪರಾಧ. ನಮಗೆ ಶೇ. 10 ಕಡಿತವಾಯಿತು ಎಂದರೆ ತೆರಿಗೆ ಮುಗಿಯಿತು ಎಂದೂ ಅಲ್ಲ. ಶೇ. 20 ಅಥವಾ 30ರ ಹಂತದಲ್ಲಿದ್ದರೆ ಉಳಿದದ್ದನ್ನು ನಾವೇ ಕಟ್ಟಬೇಕು.

ಕಡಿತವಾದ ಹಣವನ್ನು ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಆದರೆ ಅದಕ್ಕೂ ಗಡುವಿದೆ. ಎರಡನೇ ವರ್ಷ, ಅಂದರೆ 2024-25ರಲ್ಲಿ ಕಡಿತವಾದ ಸುಮಾರು 7,600 ರೂಪಾಯಿಗೆ ಈ ವರ್ಷ ರಿಟರ್ನ್ ಸಲ್ಲಿಸಿದೆವು, ಹಣ ವಾಪಸ್ ಬಂತು. ಮೊದಲ ವರ್ಷದ ಸುಮಾರು 7,200 ರೂಪಾಯಿಗೆ ತಡವಾದ ರಿಟರ್ನ್‌ನ ಗಡುವು ಕೂಡ ಜನವರಿ 2025ರಲ್ಲೇ ಮುಗಿದಿತ್ತು. ಅಮ್ಮ ಫೋನ್ ಮಾಡಿದ್ದು ಏಪ್ರಿಲ್‌ನಲ್ಲಿ. ಈಗ ವಿಳಂಬ ಮನ್ನಿಸಿ ಎಂದು ಇಲಾಖೆಗೆ ಅರ್ಜಿ ಹಾಕಿದ್ದೇವೆ, ಉತ್ತರ ಇನ್ನೂ ಬಂದಿಲ್ಲ. ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಅಮ್ಮನ ಫಾರಂ 26ಎಎಸ್ ಅನ್ನು ಮೊದಲ ವರ್ಷವೇ ತೆರೆದು ನೋಡಿದ್ದರೆ ಈ ಕಡಿತ ಆಗಲೇ ಕಾಣುತ್ತಿತ್ತು. ಯಾವ ಬ್ಯಾಂಕು, ಯಾವ ದಿನ, ಎಷ್ಟು ಎಂದು ಎಲ್ಲವೂ ಅಲ್ಲಿರುತ್ತದೆ. ನಾನು ದಿನಕ್ಕೆ ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರುವವಳು, ಅದೊಂದನ್ನು ತೆರೆದು ನೋಡಲಿಲ್ಲ.

ಇಷ್ಟು ಲೆಕ್ಕ ಬಗೆಹರಿದ ಮೇಲೆ ಹೊಸ ಠೇವಣಿ ಇಡಲು ನಾನೂ ಅಮ್ಮನೂ ಬ್ಯಾಂಕಿಗೆ ಹೋದೆವು. ಹಳೆಯ ರಶೀದಿಯ ಇನ್ನೊಂದು ಸಾಲಿನ ಅರ್ಥ ಗೊತ್ತಾದದ್ದು ಆಗ. 'ನಾಮಿನೇಷನ್: ರಿಜಿಸ್ಟರ್ಡ್' ಎಂದಿತ್ತು. ನಾನೇ ನಾಮಿನಿ ಎಂದುಕೊಂಡಿದ್ದೆ. ತಮ್ಮ ತಾನೇ ನಾಮಿನಿ ಎಂದುಕೊಂಡಿದ್ದ. ಕೌಂಟರಿನಲ್ಲಿದ್ದ ಹುಡುಗಿ ತೆರೆಯನ್ನು ನಮ್ಮ ಕಡೆ ತಿರುಗಿಸಿದಳು. ಅಲ್ಲಿ ಇದ್ದದ್ದು ಅಪ್ಪನ ಹೆಸರು.

ಅಪ್ಪ ಹೋದದ್ದು ಜನವರಿಯಲ್ಲಿ, ಠೇವಣಿ ಇಟ್ಟದ್ದು ಏಪ್ರಿಲ್‌ನಲ್ಲಿ. ಅಮ್ಮನ ಉಳಿತಾಯ ಖಾತೆಯಲ್ಲಿ ವರ್ಷಗಳ ಹಿಂದೆ ಇದ್ದ ನಾಮಿನಿಯ ಹೆಸರನ್ನೇ ಕಂಪ್ಯೂಟರು ಹೊಸ ಠೇವಣಿಗೂ ಎಳೆದುಕೊಂಡಿತ್ತು. ಯಾರೂ ಬದಲಿಸಲು ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಅಮ್ಮ ತೆರೆಯನ್ನೇ ನೋಡುತ್ತಾ, "ಅವರು ಇಲ್ಲಿ ಇನ್ನೂ ಅದಾರ ನೋಡು" ಎಂದರು. ಎರಡು ವರ್ಷ ಆ ಹತ್ತು ಲಕ್ಷಕ್ಕೆ ಕಾಗದದ ಮೇಲೆ ನಾಮಿನಿ ಇದ್ದರು, ನಿಜವಾಗಿ ಯಾರೂ ಇರಲಿಲ್ಲ. ಆ ನಡುವೆ ಅಮ್ಮನಿಗೆ ಏನಾದರೂ ಆಗಿದ್ದರೆ ನಾನೂ ತಮ್ಮನೂ ವಾರಸುದಾರರೆಂದು ರುಜುವಾತು ಮಾಡಲು ಕಾಗದ ಹಿಡಿದು ಪುಣೆಗೂ ಧಾರವಾಡಕ್ಕೂ ಓಡಾಡಬೇಕಿತ್ತು.

ಆದ್ದರಿಂದ 'ರಿಜಿಸ್ಟರ್ಡ್' ಎಂಬ ಒಂದು ಪದ ಸಾಲದು. ನಾಮಿನಿಯ ಹೆಸರನ್ನೂ ರಶೀದಿಯ ಮೇಲೆ ಮುದ್ರಿಸಿ ಎಂದು ಕೇಳಿ. ಠೇವಣಿದಾರರು ಒಪ್ಪಿದರೆ ಬ್ಯಾಂಕು ಹಾಗೆ ಮುದ್ರಿಸಬಹುದು. ಉಳಿತಾಯ ಖಾತೆಗೆ ನಾಮಿನಿ ಇದ್ದಾರೆಂದು ಎಫ್‌ಡಿಗೂ ಇದ್ದಾರೆಂದು ತಿಳಿಯಬೇಡಿ, ಪ್ರತಿ ಠೇವಣಿಗೂ ಅದು ಬೇರೆ. ಕಾಗದವಿಲ್ಲದೆ ಆ್ಯಪ್‌ನಲ್ಲಿ ಇಟ್ಟ ಠೇವಣಿಗಳಲ್ಲಂತೂ ಒಂದೊಂದನ್ನೂ ತೆರೆದು ನೋಡಬೇಕು. ಹೆಸರಿನ ಅಕ್ಷರಗಳು ನಾಮಿನಿಯ ಆಧಾರ್‌ನಲ್ಲಿ ಇರುವಂತೆಯೇ ಇರಲಿ. ನಮ್ಮ ಉತ್ತರ ಕರ್ನಾಟಕದ ಅಡ್ಡಹೆಸರುಗಳು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರುವುದು ನಿಮಗೆ ಗೊತ್ತೇ ಇದೆ. ನಾಮಿನಿ ಚಿಕ್ಕ ಮಗುವಾದರೆ ಅದರ ಪರವಾಗಿ ಹಣ ಪಡೆಯುವ ದೊಡ್ಡವರ ಹೆಸರೂ ಬೇಕು. ಜಂಟಿ ಠೇವಣಿಯಲ್ಲಿ ಹೆಸರಿರುವ ಎಲ್ಲರೂ ತೀರಿಕೊಂಡ ಮೇಲೆ ಮಾತ್ರ ನಾಮಿನಿಯ ಸರದಿ ಬರುತ್ತದೆ.

ಇದೇ ನವೆಂಬರ್ 1ರಿಂದ ಒಂದು ಬದಲಾವಣೆ ಬಂದಿದೆ. ಒಂದು ಠೇವಣಿಗೆ ಈಗ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ಎಲ್ಲರಿಗೂ ಪಾಲು ಬರೆದು, ಒಟ್ಟು ಶೇ. 100 ಆಗುವಂತೆ ಕೊಡಬಹುದು. ಇಲ್ಲವೇ ಒಬ್ಬರಾದ ಮೇಲೆ ಒಬ್ಬರು ಎಂದು ಸರದಿ ಹೇಳಬಹುದು. ಈ ಎರಡನೆಯದು ಅಮ್ಮನ ಕಾಲಕ್ಕೆ ಇದ್ದಿದ್ದರೆ ಅಪ್ಪನ ನಂತರ ನಮ್ಮ ಹೆಸರು ತಾನಾಗಿಯೇ ಬರುತ್ತಿತ್ತು. ಒಂದು ಮಾತು ಮಾತ್ರ ನೆನಪಿರಲಿ. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆಯುವ ಹಕ್ಕುಳ್ಳವರು, ಹಣದ ಒಡೆಯರು ಎಂದಲ್ಲ. ವಾರಸುದಾರರು ಬೇರೆ ಇದ್ದರೆ ನಾಮಿನಿ ಅವರ ಪರವಾಗಿ ಪಡೆದಂತೆ. ಮಕ್ಕಳಲ್ಲಿ ಒಬ್ಬರಿಗೇ ಹಣ ಸೇರಬೇಕೆಂಬ ಇಚ್ಛೆ ಇದ್ದರೆ ಅದಕ್ಕೆ ಉಯಿಲು ಬೇಕು, ನಾಮಿನಿ ಕಾಲಂ ಸಾಲದು.

ಅಮ್ಮನ ಹೊಸ ಠೇವಣಿ 10 ಲಕ್ಷ, ಒಂದು ವರ್ಷ, ಶೇ. 6.7. ರಶೀದಿ ಕೈಗೆ ಬಂದಾಗ ಈ ಸಲ ಕೌಂಟರಿನ ಮುಂದೆಯೇ ನಿಂತು ಓದಿದೆವು. ಫೋನಿನಲ್ಲಿ ಅಂಕಿಗಳನ್ನು ಒತ್ತಿದವರು ಅಮ್ಮ. 10,68,702 ಬಂತು, ರಶೀದಿಯಲ್ಲೂ ಅದೇ ಇತ್ತು. ಬಡ್ಡಿ 50 ಸಾವಿರ ದಾಟುತ್ತದೆ ಎಂದು ಕಂಡಿತು, ಅಲ್ಲೇ 15ಜಿ ತುಂಬಿ ಸ್ವೀಕೃತಿ ಪಡೆದೆವು. ನಾಮಿನಿ ಬದಲಾವಣೆಯ ಫಾರಂ ಕೊಟ್ಟು, ಹೊಸ ಹೆಸರು ಮುದ್ರಿತವಾದ ರಶೀದಿಯನ್ನೇ ತಂದೆವು. ಎಲ್ಲಕ್ಕೂ ಸೇರಿ ಮುಕ್ಕಾಲು ಗಂಟೆ ಹಿಡಿಯಿತು.

ಆ ಠೇವಣಿ ಬರುವ ಏಪ್ರಿಲ್‌ನಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ಅಮ್ಮನಿಗೆ 60 ತುಂಬುತ್ತದೆ, ಟಿಡಿಎಸ್ ಮಿತಿ 1 ಲಕ್ಷವಾಗುತ್ತದೆ. ಹೊಸ ಆದಾಯ ತೆರಿಗೆ ಕಾಯ್ದೆಯೂ ಏಪ್ರಿಲ್ 2026ರಿಂದ ಜಾರಿಗೆ ಬರುತ್ತದೆ, ಆದ್ದರಿಂದ ಆಗ ಫಾರಂ ಯಾವುದು ಎಂದು ಬ್ಯಾಂಕಿನಲ್ಲಿ ಕೇಳಿಯೇ ತುಂಬಬೇಕು. ರಶೀದಿ ಈಗ ಸೀರೆಗಳ ಕೆಳಗಿಲ್ಲ. ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ ಕವರಿನಲ್ಲಿದೆ. ಅದರ ಬೆನ್ನಿಗೆ ಅಮ್ಮ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ: 'ಏಪ್ರಿಲ್ - ಫಾರಂ ಕೊಡಬೇಕು. ನಾಮಿನಿ ಹೆಸರು ಓದಬೇಕು.'